ಬಾಯಿ ಒಂದು ಹೇಳಿದಾಗ ಕೈ ಏನು ಹೇಳಿತು? ಸಂದರ್ಶನದ ವಿಡಿಯೋ ಬಿಡಿಸಿ ನೋಡುವ ಬಗೆ

ಕೋಲಾರ ಕಡೆಯ ಒಂದು ಕೆರೆ ಏರಿ. ಹುಣಸೆ ಮರದ ಕೆಳಗೆ ಕೂತ ನೀರುಗಂಟಿ ಯಜಮಾನರೊಬ್ಬರನ್ನು ಕೇಳಿದೆ, ‘ತಾತಾ, ಕೆರೇಲಿ ನೀರು ಕಮ್ಮಿ ಇದ್ರೆ ಯಾರ್ಗೆ ಮೊದ್ಲು ಬಿಡ್ತೀರ?’ ಅವರು ಹೇಳಿದ್ದು ಇಷ್ಟೇ: ‘ಎಲ್ಲಾರ್ಗೂ ಒಂದೇ ಸಮ ಬಿಡ್ಬೇಕು.’

ಮನೆಗೆ ಬಂದು ಮಾತನ್ನೆಲ್ಲ ಬರೆದುಕೊಂಡೆ. ಈ ಸಾಲಿನ ಮುಂದೆ ‘ಸಮಪಾಲು’ ಅಂತ ಗುರುತು ಹಾಕಿ ಮುಂದೆ ಹೋದೆ. ವಾರ ಬಿಟ್ಟು ಅದೇ ವಿಡಿಯೋ ನೋಡಿದರೆ, ‘ಒಂದೇ ಸಮ’ ಆದಮೇಲೆ ಅವರು ತಡೆದಿದ್ದಾರೆ. ಆ ತಡೆಯೊಳಗೆ ಬಲಗೈ ಎದ್ದು ತೂಬಿನ ಪಕ್ಕದ ಗದ್ದೆಗಳ ಕಡೆ ಹೋಗಿ ಬಂದಿದೆ. ಆಮೇಲೆ ‘ಬಿಡ್ಬೇಕು’. ನನ್ನ ಗುರುತು ತಪ್ಪಲ್ಲ. ಆದರೆ ಅರ್ಧ ಉತ್ತರಕ್ಕೆ ಮಾತ್ರ ಹಾಕಿದ ಗುರುತು.

ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುವ ಅರ್ಥದ ಎಳೆಗಳನ್ನು ಹುಡುಕುವ ಕೆಲಸಕ್ಕೆ ಥೀಮ್ಯಾಟಿಕ್ ಅನಾಲಿಸಿಸ್ ಎನ್ನುತ್ತಾರೆ. ಓದಿ ಪರಿಚಯ ಮಾಡಿಕೊಳ್ಳುವುದು, ಮಾತಿನ ತುಣುಕುಗಳಿಗೆ ಕೋಡ್ ಅನ್ನುವ ಚಿಕ್ಕ ಗುರುತು ಹಾಕುವುದು, ಎಳೆ ಹುಡುಕುವುದು, ಪರೀಕ್ಷಿಸುವುದು, ಹೆಸರಿಡುವುದು, ಬರೆಯುವುದು – ಹೀಗೆ ಆರು ಹಂತಗಳನ್ನು ವರ್ಜೀನಿಯಾ ಬ್ರಾನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ವಿವರಿಸಿದರು. ಅದನ್ನೇ ಬಹಳ ಜನ ಅನುಸರಿಸುತ್ತಾರೆ. ಸಾಮಾನ್ಯವಾಗಿ ಇದೆಲ್ಲ ಕಾಗದದ ಮೇಲಿನ ಮಾತಿಗೆ ನಡೆಯುತ್ತದೆ. ಕೈಯನ್ನೂ ಮೌನವನ್ನೂ ಜೊತೆಗೆ ಸೇರಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಆ ಒಂದು ತುಣುಕು ಇಟ್ಟುಕೊಂಡೇ ನೋಡೋಣ.

ಮೊದಲು ಫೈಲ್ ಸರಿಮಾಡಿ

ಮೊಬೈಲ್‌ನಲ್ಲಿ ತೆಗೆದ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು ಒಂದೇ ಸಮ ಇರುವುದಿಲ್ಲ. ಬೆಳಕು ಕಡಿಮೆಯಾದರೆ ಫ್ರೇಮೂ ಕಡಿಮೆಯಾಗಬಹುದು. ಸುಮ್ನೆ ನೋಡುವಾಗ ಇದು ಗೊತ್ತಾಗಲ್ಲ. ಹತ್ತನೇ ಒಂದು ಸೆಕೆಂಡಿನ ಲೆಕ್ಕ ಹಾಕುವಾಗ ತೊಂದರೆ ಶುರು: ನಲವತ್ತು ನಿಮಿಷದ ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ದನಿ ಒಂದು ಕಡೆ. ಅದಕ್ಕೇ ಮೊದಲು ffmpeg ಅನ್ನುವ ಉಚಿತ ತಂತ್ರಾಂಶದಲ್ಲಿ ಸೆಕೆಂಡಿಗೆ 25 ಫ್ರೇಮ್‌ಗೆ ಕೂರಿಸಿ, ಧ್ವನಿಯನ್ನು ಬೇರೆ ಫೈಲ್ ಆಗಿ ತೆಗೆದಿಟ್ಟುಕೊಳ್ಳಿ:

```
ffmpeg -i kere.mp4 -r 25 -c:v libx264 -crf 18 -c:a aac kere25.mp4
ffmpeg -i kere25.mp4 -vn -ac 1 -c:a pcm_s16le kere25.wav
```

ಇನ್ನು ಮುಂದೆ ಒಂದೊಂದು ಫ್ರೇಮೂ 40 ಮಿಲಿಸೆಕೆಂಡು. ಕೈ ಎದ್ದ ಕ್ಷಣವನ್ನು ಅದಕ್ಕಿಂತ ನಿಖರವಾಗಿ ಹೇಳಲು ಆಗಲ್ಲ, ಹೇಳುವ ಅಗತ್ಯವೂ ಇಲ್ಲ.

ಗುರುತು ಹಾಕಲು ನಾನು ಬಳಸುವುದು ELAN. ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮಾಡಿದ ಉಚಿತ ತಂತ್ರಾಂಶ ಇದು. ವಿಡಿಯೋ ಮೇಲೆ ಓಡುತ್ತಿರುತ್ತದೆ. ಕೆಳಗೆ ಧ್ವನಿಯ ಅಲೆ, ಅದರ ಕೆಳಗೆ ನಮಗೆ ಬೇಕಾದಷ್ಟು ಸಾಲುಗಳು. ಕನ್ನಡದಲ್ಲೇ ಟೈಪ್ ಮಾಡಬಹುದು.

ನಾಲ್ಕು ಸಾಲು ಸಾಕು

ಮಾತು, ತಡೆ, ಕೈ, ಅರ್ಥ – ಇಷ್ಟೇ ಸಾಲು ಮಾಡಿಕೊಳ್ಳಿ. ಮೊದಲ ಮೂರು ಸಾಲಿನಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ನಾಲ್ಕನೆಯದರಲ್ಲಿ ನಿಮ್ಮ ಊಹೆ. ಎರಡನ್ನೂ ಕಲೆಸಬೇಡಿ. ಕೈ ಸಾಲಿನಲ್ಲಿ ‘ಹಿಂಜರಿಕೆಯಿಂದ ತೋರಿಸಿದರು’ ಅಂತ ಬರೆದರೆ ಮುಗಿಯಿತು. ಹಿಂಜರಿಕೆ ಅನ್ನುವುದು ಕಣ್ಣಿಗೆ ಕಾಣುವ ವಸ್ತುವಲ್ಲ, ಅದು ನಿಮ್ಮ ತೀರ್ಮಾನ. ಆಮೇಲೆ ನೀವು ಪುರಾವೆ ಅಂತ ತೋರಿಸುವುದೂ ಅದೇ ತೀರ್ಮಾನ ಆಗುತ್ತದೆ.

ಮಾತನ್ನು ಆಡಿದ ಹಾಗೇ ಬರೆಯಿರಿ. ‘ಬಿಡ್ಬೇಕು’ ಅನ್ನುವುದನ್ನು ‘ಬಿಡಬೇಕು’ ಅಂತ ತಿದ್ದುವ ಚಟ ನನಗೂ ಇತ್ತು. ‘ಅದೂ...’, ‘ಏನಂದ್ರೆ’, ‘ಹಂಗೇ’ ಇವನ್ನೂ ಬಿಡಬಾರದು.

ತಡೆ ಅಳೆಯುವುದು

ಮಾತಿನ ಸಂಶೋಧಕರು ಮೌನವನ್ನು ಹತ್ತನೇ ಒಂದು ಸೆಕೆಂಡಿನ ಲೆಕ್ಕದಲ್ಲಿ ಆವರಣದೊಳಗೆ ಬರೆಯುತ್ತಾರೆ, (1.3) ಅಂತ. 0.2ಕ್ಕಿಂತ ಕಡಿಮೆಯಾದರೆ ಬರೀ ಒಂದು ಚುಕ್ಕೆ. ಗೇಲ್ ಜೆಫರ್ಸನ್ ರೂಢಿಗೆ ತಂದ ಪದ್ಧತಿ ಇದು. ಅರ್ಥದ ಎಳೆ ಹುಡುಕುವವರಿಗೆ ಅಷ್ಟು ಸಣ್ಣದು ಬೇಕಾಗಲ್ಲ. ನಾನು 0.5 ಸೆಕೆಂಡಿನಿಂದ ಮೇಲಿನದನ್ನು ಮಾತ್ರ ಗುರುತಿಸುತ್ತೇನೆ.

ಒಬ್ಬರ ತಡೆಯನ್ನು ಇನ್ನೊಬ್ಬರ ತಡೆಗೆ ಹೋಲಿಸಬೇಡಿ. ನಿಧಾನಕ್ಕೆ ಮಾತಾಡುವವರಿಗೆ ಒಂದು ಸೆಕೆಂಡ್ ಏನೂ ಅಲ್ಲ. ಅದೇ ಸಂದರ್ಶನದಲ್ಲಿ ಯಾವ ಮುಜುಗರವೂ ಇಲ್ಲದ ಪ್ರಶ್ನೆಗಳನ್ನು ಹುಡುಕಿ: ಯಾವ ಬೆಳೆ, ತೂಬಿಗೆ ಎಷ್ಟು ಕಣ್ಣು, ಎಷ್ಟು ವರ್ಷದಿಂದ ಈ ಕೆಲಸ. ಅಲ್ಲಿ ಯಜಮಾನರ ತಡೆ 0.4ರಿಂದ 0.6 ಸೆಕೆಂಡ್ ಇತ್ತು. ಅದು ಅವರ ಅಳತೆಗೋಲು. ಅದರ ಪಕ್ಕ ಇಟ್ಟಾಗಲೇ ‘ಒಂದೇ ಸಮ’ ಆದಮೇಲಿನ 1.3 ಸೆಕೆಂಡಿನ ತಡೆ ಉದ್ದ ಅನ್ನಿಸುವುದು.

ಉದ್ದಕ್ಕಿಂತ ಜಾಸ್ತಿ ನೋಡಬೇಕಾದ್ದು ತಡೆ ಬಿದ್ದ ಜಾಗ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ವಾ? ಯಾರು ಮಾಡಿದರು, ಮಾಡಬೇಕಾ, ಮಾಡ್ತಾರಾ ಅನ್ನುವುದೆಲ್ಲ ಆ ಒಂದು ಪದದ ಬಾಲದಲ್ಲಿ ಕೂತಿರುತ್ತದೆ. ‘ಎಲ್ಲಾರ್ಗೂ ಒಂದೇ ಸಮ’ ಅಂದ ಮೇಲೂ ಯಜಮಾನರಿಗೆ ದಾರಿಗಳು ತೆರೆದೇ ಇದ್ದವು: ಬಿಡ್ತೀನಿ, ಬಿಡ್ತೀವಿ, ಬಿಡು ಅಂತಾರೆ, ಬಿಡ್ಬೇಕು. ಅವರು ತಡೆದದ್ದು ಸರಿಯಾಗಿ ಆ ಕವಲಿನಲ್ಲಿ. ನಾನು ಕೇಳಿದ್ದು ‘ಬಿಡ್ತೀರ?’ ಅಂತ. ಉತ್ತರದಲ್ಲಿ ಬಂದದ್ದು ‘ಬೇಕು’. ಹಾಗಾಗಿ ತಡೆ ಸಾಲಿನಲ್ಲಿ ನನ್ನ ಕೋಡ್‌ಗಳು ಮೂರೇ: ಉತ್ತರಕ್ಕೆ ಮುಂಚೆ, ನಡುವೆ, ಕ್ರಿಯಾಪದಕ್ಕೆ ಮುಂಚೆ. ಇಂಗ್ಲಿಷ್ ಸಂದರ್ಶನಕ್ಕೆ ಮಾಡಿದ ಕೋಡ್ ಪಟ್ಟಿಯಲ್ಲಿ ಈ ಮೂರನೆಯದು ನಿಮಗೆ ಸಿಗುವುದು ಕಷ್ಟ.

ಕೈ ನೋಡುವಾಗ ದನಿ ಮುಚ್ಚಿ

ದನಿ ಇದ್ದರೆ ಕಿವಿ ಕಣ್ಣನ್ನು ಎಳೆಯುತ್ತದೆ. ಮಾತಿಗೆ ಹೊಂದುವ ಕೈಯಷ್ಟೇ ಕಾಣುತ್ತದೆ. ಮ್ಯೂಟ್ ಮಾಡಿ, ಅರ್ಧ ವೇಗದಲ್ಲಿ ಓಡಿಸಿ.

ಕೈ ಎದ್ದಾಗಿನಿಂದ ಮಡಿಲಿಗೆ ಮರಳುವವರೆಗೆ ಹಂತಗಳಿವೆ. ಮೊದಲು ಸಿದ್ಧವಾಗುತ್ತದೆ, ಆಮೇಲೆ ಮುಖ್ಯ ಚಲನೆ, ಕೆಲವೊಮ್ಮೆ ಅಲ್ಲೇ ಸ್ವಲ್ಪ ನಿಲ್ಲುತ್ತದೆ, ಕೊನೆಗೆ ಇಳಿಯುತ್ತದೆ. ಗುರುತು ಹಾಕಬೇಕಾದ್ದು ಮುಖ್ಯ ಚಲನೆಗೆ. ಕೈ ಚಿತ್ರದಲ್ಲಿ ಮಸುಕಾಗಿ, ಮತ್ತೆ ಸ್ಪಷ್ಟವಾಗುವ ಫ್ರೇಮ್‌ಗಳು ಅದರ ಗಡಿ ತೋರಿಸುತ್ತವೆ. ಅದು ಸಾಮಾನ್ಯವಾಗಿ ತನಗೆ ಸಂಬಂಧಪಟ್ಟ ಪದದ ಜೊತೆಗೇ, ಇಲ್ಲವೇ ತುಸು ಮುಂಚೆಯೇ ಬರುತ್ತದೆ. ಹಾಗಾಗಿ ಮೌನದಲ್ಲಿ ಎದ್ದ ಕೈಗೆ ಜೊತೆಯ ಪದ ಹುಡುಕುವಾಗ ಮುಂದೆಯೂ ನೋಡಬೇಕು. ಜೊತೆಯ ಪದವೇ ಬರದೆ ಹೋದರೆ, ಅದನ್ನೂ ಬರೆದಿಡಬೇಕು.

ಕೋಡ್‌ಗೆ ನಾಲ್ಕು ಪದ ಇಟ್ಟುಕೊಂಡಿದ್ದೇನೆ: ತೋರು, ಆಕಾರ, ತಾಳ, ಮುಟ್ಟು. ದಿಕ್ಕು ತೋರಿಸುವುದು, ಕೈಯಲ್ಲೇ ತೂಬಿನ ಆಕಾರ ಬಿಡಿಸುವುದು, ಮಾತಿನ ಒತ್ತಿಗೆ ತಕ್ಕಂತೆ ಕೈ ಬೀಳುವುದು, ಟವೆಲ್ಲು ಅಥವಾ ಮೊಣಕಾಲು ಸವರುವುದು. ಇವನ್ನು ELAN ಒಳಗೆ `Controlled Vocabulary` ಅಂತ ಇರುವಲ್ಲಿ ಸೇರಿಸಿಟ್ಟರೆ ಪಟ್ಟಿಯಿಂದ ಆರಿಸಿದರೆ ಆಯಿತು. ಇಲ್ಲದಿದ್ದರೆ ಒಂದು ಕಡೆ ‘ತೋರು’, ಇನ್ನೊಂದು ಕಡೆ ‘ತೋರಿಸು’ ಅಂತ ಬಿದ್ದು, ಕೊನೆಗೆ ಹುಡುಕುವಾಗ ಅರ್ಧ ತಪ್ಪಿಹೋಗುತ್ತದೆ.

ಇಲ್ಲಿ ನಾನು ಮಾಡಿದ ಎಡವಟ್ಟು ಹೇಳಲೇಬೇಕು. ಕ್ಯಾಮೆರಾ ಯಾವ ದಿಕ್ಕಿಗಿತ್ತು ಅಂತ ಬರೆದುಕೊಂಡಿರಲಿಲ್ಲ. ‘ಬಲಗೈ, ಪರದೆಯ ಎಡಕ್ಕೆ’ ಅಂತ ಬರೆದೆ. ಅಲ್ಲಿ ಏನಿದೆ? ಗದ್ದೆಯೋ, ಊರೋ, ಗುಡಿಯೋ? ಅದಕ್ಕೋಸ್ಕರ ಬಸ್ಸು ಹತ್ತಿ ಮತ್ತೆ ಆ ಏರಿಗೆ ಹೋಗಿ ಬಂದೆ. ಈಗ ರೆಕಾರ್ಡಿಂಗ್‌ಗೆ ಮುಂಚೆಯೇ ಆ ಜಾಗದ ಒಂದು ನಕ್ಷೆ ಬರೆದುಕೊಳ್ಳುತ್ತೇನೆ.

ಸೇರಿಸಿ ನೋಡಿದಾಗ

ಈಗ ಮ್ಯೂಟ್ ತೆಗೆದು, ನಾಲ್ಕೂ ಸಾಲು ಒಟ್ಟಿಗೆ ಓದಿ. ಆ ತುಣುಕು ಹೀಗೆ ಬಂತು:

```
12:41.2  ತಡೆ   (1.9) ಉತ್ತರಕ್ಕೆ ಮುಂಚೆ
12:43.1  ಮಾತು  ಎಲ್ಲಾರ್ಗೂ ಒಂದೇ ಸಮ
12:44.3  ತಡೆ   (1.3) ಕ್ರಿಯಾಪದಕ್ಕೆ ಮುಂಚೆ
12:44.9  ಕೈ    ತೋರು: ತೂಬಿನ ಪಕ್ಕದ ಗದ್ದೆ
12:45.6  ಮಾತು  ಬಿಡ್ಬೇಕು
         ಅರ್ಥ  ನಿಯಮ ಬಾಯಲ್ಲಿ, ಜಾಗ ಕೈಯಲ್ಲಿ?
```

ಕೊನೆಯ ಪ್ರಶ್ನೆಚಿಹ್ನೆ ಬೇಕೆಂದೇ ಹಾಕಿದ್ದು. ಒಂದು ತುಣುಕಿನಿಂದ ಎಳೆ ಹುಟ್ಟುವುದಿಲ್ಲ. ELAN ಹುಡುಕಾಟದಲ್ಲಿ ‘ಕ್ರಿಯಾಪದಕ್ಕೆ ಮುಂಚೆ’ ಮತ್ತು ‘ತೋರು’ ಒಂದೇ ಹೊತ್ತಿಗೆ ಬಂದ ಜಾಗಗಳನ್ನೆಲ್ಲ ಕೇಳಿದೆ. ಆ ಸಂದರ್ಶನದಲ್ಲೇ ಇನ್ನೂ ಮೂರು ಸಿಕ್ಕವು. ಎರಡರಲ್ಲಿ ಮಾತು ‘ಬೇಕು’ ಅಂತಲೇ ಮುಗಿದಿತ್ತು, ಕೈ ತೂಬಿನ ಪಕ್ಕದ ಗದ್ದೆಗೇ ಹೋಗಿತ್ತು. ಮೂರನೆಯದು ಮಜಾ. ಎರಡು ಸೆಕೆಂಡಿನ ಭಾರೀ ಮೌನ, ಕೈ ದೂರಕ್ಕೆ ಚಾಚಿದೆ. ಏನೋ ದೊಡ್ಡದು ಸಿಕ್ಕಿತು ಅಂದುಕೊಂಡು ದನಿ ಜೋರು ಮಾಡಿದರೆ, ಹಿಂದೆ ಯಾರದೋ ಎಮ್ಮೆ ಪೈರಿಗೆ ಇಳಿದಿದೆ. ಯಜಮಾನರು ಅದನ್ನು ಓಡಿಸಲು ಹುಡುಗನಿಗೆ ಸನ್ನೆ ಮಾಡುತ್ತಿದ್ದಾರೆ. ಅದಕ್ಕೇ ಪ್ರತಿಯೊಂದು ತಡೆಯ ಪಕ್ಕದಲ್ಲೂ ಟ್ರ್ಯಾಕ್ಟರ್ ಸದ್ದು, ಕೆಮ್ಮು, ಎಲೆಅಡಿಕೆ, ನಾನೇ ತಲೆ ಎತ್ತಿ ನೋಡಿದ್ದು, ಇಂಥದ್ದೇನಾದರೂ ಇತ್ತಾ ಅಂತ ಒಂದು ಟಿಪ್ಪಣಿ ಇರಲಿ.

ಉಳಿದ ಸಂದರ್ಶನಗಳಲ್ಲೂ ಇದೇ ಜೋಡಿ ಹುಡುಕಿ, ಹೊಂದದ ಕಡೆಗಳನ್ನು ಬೇರೆ ಇಟ್ಟುಕೊಂಡೆ. ಒಬ್ಬರು ತಡೆಯೇ ಇಲ್ಲದೆ ‘ತೂಬಿನ ಹತ್ರದೋರ್ಗೆ ಮೊದ್ಲು, ಇನ್ನೇನು’ ಅಂದಿದ್ದರು. ಅಂಥವರು ಸಿಕ್ಕಮೇಲೆ ಎಳೆಯ ಹೆಸರು ಬದಲಾಯಿತು. ಮೊದಲಿದ್ದ ಹೆಸರು ‘ನೀರು ಹಂಚಿಕೆ’. ಅದು ಎಳೆಯಲ್ಲ, ಡಬ್ಬಿ. ಏನು ಬೇಕಾದರೂ ತುಂಬಬಹುದು. ಆಮೇಲಿನದು ‘ಸಮಪಾಲು ಊರಿನ ಮಾತು, ಸರದಿ ತೂಬಿನ ಮಾತು’. ಇದು ಏನೋ ಒಂದನ್ನು ಹೇಳುತ್ತದೆ, ತಪ್ಪು ಅಂತ ವಾದಿಸಲೂ ಬರುತ್ತದೆ.

ಇನ್ನೊಬ್ಬರ ಕಣ್ಣು

ಐದು ನಿಮಿಷದ ತುಣುಕನ್ನು ಗೆಳತಿಯೊಬ್ಬಳಿಗೆ ಕೊಟ್ಟು ಮೊದಲ ಮೂರು ಸಾಲು ತುಂಬಿಸಿದೆ. ತಡೆಗಳು ಹೊಂದಿದವು. ಕೈಯಲ್ಲಿ ‘ತಾಳ’ ಮತ್ತು ‘ತೋರು’ ಕಲೆಸಿಹೋಗಿತ್ತು, ಕೂತು ವ್ಯಾಖ್ಯೆ ತಿದ್ದಿದೆವು: ಕೈ ಹೋದ ದಿಕ್ಕಿನಲ್ಲಿ ನಕ್ಷೆಯ ಯಾವುದಾದರೂ ಜಾಗ ಇದ್ದರೆ ಮಾತ್ರ ‘ತೋರು’. ಅರ್ಥದ ಸಾಲಿಗೆ ಈ ತಾಳೆ ನೋಡುವ ಕೆಲಸ ಬೇಡ. ಬ್ರಾನ್ ಮತ್ತು ಕ್ಲಾರ್ಕ್ ಕೂಡ ಇಬ್ಬರ ಕೋಡ್ ಹೊಂದಬೇಕು ಅನ್ನುವ ಹಟವನ್ನು ಒಪ್ಪುವುದಿಲ್ಲ. ಅಲ್ಲಿ ಜಗಳ ಆಡುವುದೇ ಹೆಚ್ಚು ಲಾಭ.

ಸಮಯದ ಲೆಕ್ಕ ಮೊದಲೇ ಗೊತ್ತಿರಲಿ. ಹತ್ತು ನಿಮಿಷದ ವಿಡಿಯೋಗೆ ನನಗೆ ಎರಡು ದಿನ ಹಿಡಿಯಿತು. ಪೂರ್ತಿ ಸಂದರ್ಶನಕ್ಕೆ ಮಾತಿನ ಸಾಲು ಮಾತ್ರ ಮಾಡಿ, ನಿಮ್ಮ ಪ್ರಶ್ನೆಗೆ ಹತ್ತಿರದ ಭಾಗಗಳಿಗೆ ಮಾತ್ರ ಕೈ ಮತ್ತು ತಡೆ ಸೇರಿಸಿ. ಯಾವ ಭಾಗ ಆರಿಸಿದಿರಿ, ಯಾಕೆ ಅಂತ ವರದಿಯಲ್ಲಿ ಬರೆಯಿರಿ.

ಉಳಿಸುವಾಗ ಒಂದು ಎಚ್ಚರ: `.eaf` ಫೈಲಿನಲ್ಲಿ ನಿಮ್ಮ ಗುರುತುಗಳು ಮಾತ್ರ ಇರುತ್ತವೆ, ವಿಡಿಯೋ ಇರಲ್ಲ. ಪೆನ್‌ಡ್ರೈವ್‌ಗೆ ಅದೊಂದನ್ನೇ ಹಾಕಿಕೊಂಡು ಹೋದರೆ ಆ ಕಡೆ ಬರೀ ಸಾಲು ಕಾಣುತ್ತದೆ. ವರದಿಗೆ ಚಿತ್ರ ಬೇಕಾದಾಗ ಮುಖ ಮಸುಕು ಮಾಡಿದ ಫೋಟೋಗಿಂತ ಗೆರೆಚಿತ್ರ ಮೇಲು. ಆ ಫ್ರೇಮ್ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಏರಿ, ತೂಬು, ಚಾಚಿದ ಕೈ ಇಷ್ಟನ್ನೇ ಬಿಡಿಸಿದೆ. ಯಜಮಾನರಿಗೆ ತೋರಿಸಿದಾಗ ಅವರು ಕೈಯನ್ನು ನೋಡಲೇ ಇಲ್ಲ. ‘ತೂಬಿನ ಕಲ್ಲು ಇಷ್ಟು ಉದ್ದ ಇಲ್ಲಪ್ಪಾ’ ಅಂದರು. ತಿದ್ದಿ ಕೊಟ್ಟೆ.