ಕೊನೆಯ ಓವರ್‌ಗೆ 38 ಸಾಲು: ಪ್ರಾರ್ಥನೆಯಲ್ಲಿ ಓದಿಸಿದ ಕಾಮೆಂಟರಿ ಕವಿತೆ, ನನ್ನ ಅನುಭವ

ನಮ್ಮ ಹುಡುಗರು ತಾಲ್ಲೂಕು ಮಟ್ಟದ ಅಂತರಶಾಲಾ ಕ್ರಿಕೆಟ್ ಗೆದ್ದು ಬಂದ ಮೇಲಿನ ಸೋಮವಾರ, ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಕವಿತೆ ಓದಿಸಿದೆ. ಪೂರ್ತಿ ಕಾಮೆಂಟರಿ ಧಾಟಿಯದ್ದು. ಮುನ್ನೂರೈವತ್ತು ಮಕ್ಕಳು ಒಂದೇ ಸಲ ಕತ್ತೆತ್ತಿ ಆಕಾಶ ನೋಡಿದರು. ಅಲ್ಲಿ ಚೆಂಡು ಇರಲಿಲ್ಲ. ಇದು ಆಗೋ ಕೆಲಸ ಅಲ್ಲ ಅಂದಿದ್ದವರೂ ಅವತ್ತು ಕತ್ತೆತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಓದುವ ನಿಮಗೆ ರಗಳೆ, ಮಾತ್ರೆ, ಪ್ರಾಸ ಗೊತ್ತಿರುತ್ತದೆ. ಪ್ರಾರ್ಥನೆಯ ಹೊತ್ತು ಎಷ್ಟು ಇಕ್ಕಟ್ಟು ಅನ್ನೋದೂ ಗೊತ್ತು. ನಾಡಗೀತೆ, ಸಂವಿಧಾನ ಪೀಠಿಕೆ, ಪೇಪರ್ ಓದು, ಸುಭಾಷಿತ ಎಲ್ಲ ಮುಗಿದ ಮೇಲೆ ನಮಗೆ ಸಿಗುವುದು ಮೂರು ನಿಮಿಷ. "ಅದಕ್ಕಿಂತ ಒಂದು ಸೆಕೆಂಡು ಜಾಸ್ತಿ ಆದ್ರೂ ಬೆಲ್ ಹೊಡೆಸ್ತೀನಿ ಸಾರ್" ಅಂತ ಹೆಡ್‌ಮೇಷ್ಟ್ರು ಮೊದಲೇ ಹೇಳಿದ್ದರು.

ಅವರು ಹಾಗೆ ಹೇಳಲು ಕಾರಣ ಇತ್ತು. ಎರಡು ವರ್ಷದ ಹಿಂದೆ ಇದೇ ತಂಡ ಸೆಮಿಫೈನಲ್ ಗೆದ್ದಾಗ ಭಾಮಿನಿ ಷಟ್ಪದಿಯಲ್ಲಿ 12 ಪದ್ಯ ಬರೆದಿದ್ದೆ. ಅಂದರೆ 72 ಸಾಲು. ಟಾಸ್‌ನಿಂದ ಹಿಡಿದು ಬಹುಮಾನದವರೆಗೆ ಎಲ್ಲ ಇತ್ತು. ಛಂದಸ್ಸಿನಲ್ಲಿ ಒಂದು ತಪ್ಪಿರಲಿಲ್ಲ, ಅದು ಈಗಲೂ ನನಗೆ ಹೆಮ್ಮೆ. ಆದರೆ ಓದು ಏಳು ನಿಮಿಷ ಎಳೆಯಿತು. ಬಿಸಿಲಿಗೆ ಎಂಟನೇ ಕ್ಲಾಸಿನ ಸಾಲು ಕೂತೇ ಬಿಟ್ಟಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಆ ಪಂದ್ಯದ ಮುಖ್ಯ ಕ್ಯಾಚ್ ಹಿಡಿದವನ ಹೆಸರು ಬಿಟ್ಟು ಬೇರೆ ಹುಡುಗನ ಹೆಸರು ಹಾಕಿದ್ದೆ. ಹಿಡಿದವನು ಸಾಲಿನಲ್ಲೇ ನಿಂತು ಅಳುತ್ತಿದ್ದ. ನಾನು ಪಂದ್ಯದ ವಿವರ ಕೇಳಿದ್ದು ಬಸ್ಸಿನಲ್ಲಿ ಕಿರುಚುತ್ತಾ ಬಂದ ಹುಡುಗರ ಬಾಯಿಂದ, ಅಷ್ಟೇ. ಅವತ್ತಿನಿಂದ ಸ್ಕೋರ್ ಪುಸ್ತಕ ಕೈಗೆ ಬರದೆ ಒಂದು ಸಾಲೂ ಬರೆಯುವುದಿಲ್ಲ.

ದುಡ್ಡೂ ಹೋಯಿತು. ಬಾಡಿಗೆ ಸ್ಪೀಕರ್ ಬಾಕ್ಸಿಗೆ ಸುಮಾರು ಎಂಟುನೂರು, ಕವಿತೆಯ ಮುನ್ನೂರು ಜೆರಾಕ್ಸಿಗೆ ನಾನೂರೈವತ್ತರ ಹತ್ತಿರ. ಎಲ್ಲ ನನ್ನ ಜೇಬಿನದು. ಮಧ್ಯಾಹ್ನದ ಹೊತ್ತಿಗೆ ಆ ಹಾಳೆಗಳು ರಾಕೆಟ್ ಆಗಿ ಹಾರುತ್ತಿದ್ದವು. ಕೇಳುವ ಕವಿತೆಯನ್ನು ಕೈಗೆ ಕೊಟ್ಟರೆ ಮಕ್ಕಳು ಮುಂದಿನ ಸಾಲು ಓದುತ್ತಾರೆ, ಕೇಳುವುದಿಲ್ಲ. ಇದು ಸಾವಿರದಿನ್ನೂರು ರೂಪಾಯಿ ಕೊಟ್ಟು ಕಲಿತದ್ದು.

ಈ ಸಲ ಫೈನಲ್ ಗೆದ್ದಾಗ ಮತ್ತೆ ಬರೆಯುತ್ತೇನೆ ಅಂದೆ. ಪಿ.ಟಿ. ಮೇಷ್ಟ್ರು ನೇರವಾಗಿ ಹೇಳಿದರು: "ಅಲ್ಲ ಸಾರ್, ಗೆದ್ದಿದ್ದು ಎಲ್ರಿಗೂ ಗೊತ್ತು. ಇನ್ನು ಕವಿತೇಲಿ ಏನ್ ಹೇಳ್ತೀರಿ? ಕಪ್ ಎತ್ತಿ ತೋರ್ಸಿದ್ರೆ ಸಾಕಲ್ವಾ?"

ಆ ಮಾತೇ ನನಗೆ ದಾರಿ ತೋರಿಸಿತು. ಫಲಿತಾಂಶ ಎಲ್ಲರಿಗೂ ಗೊತ್ತು ನಿಜ. ಹಾಗಾದರೆ ಗೆದ್ದರೋ ಇಲ್ಲವೋ ಅನ್ನುವ ಕುತೂಹಲ ಬೇಡವೇ ಬೇಡ. ಗೊತ್ತಿರುವ ಆ ಒಂದು ಮಾತು ಯಾವಾಗ ಬರುತ್ತದೆ ಅಂತ ಕಾಯಿಸಿದರೆ ಸಾಕು. ಇಡೀ ಪಂದ್ಯ ಬಿಟ್ಟೆ. ಕೊನೆಯ ಓವರ್ ಮಾತ್ರ ಹಿಡಿದೆ.

ಸ್ಕೋರರ್ ಹುಡುಗಿ ಪುಸ್ತಕ ತಂದು ತೋರಿಸಿದಳು. ಗೆಲ್ಲಲು ಆರು ಚೆಂಡಿಗೆ 9 ರನ್. ಮೊದಲ ಚೆಂಡು ಖಾಲಿ, ಚುಕ್ಕಿ. ಎರಡನೆಯದಕ್ಕೆ 2, ಮೂರನೆಯದಕ್ಕೆ 1. ನಾಲ್ಕನೆಯದು ರನ್ ಔಟ್. ಐದನೆಯದಕ್ಕೆ 2. ಕೊನೆಯ ಚೆಂಡಿಗೆ 4 ಬೇಕಿತ್ತು, ಸಿಕ್ಸರ್ ಬಂತು. ಆ ಕೊನೆಯ ಮನೆಯಲ್ಲಿ ಅವಳು 6 ಬರೆದು ಪೆನ್ನು ಒತ್ತಿದ ರಭಸಕ್ಕೆ ಹಾಳೆ ತೂತಾಗಿತ್ತು.

ಮೊದಲ ಕರಡಿನಲ್ಲಿ ಆರು ಚೆಂಡಿಗೂ ಆರಾರು ಸಾಲು ಹಂಚಿದೆ. ಓದಿ ನೋಡಿದರೆ ಸಪ್ಪೆ. ಕೊನೆಗೆ ನಿಂತದ್ದು ಹೀಗೆ: ಆರಂಭಕ್ಕೆ ನಾಲ್ಕು ಸಾಲು, ಮೊದಲ ನಾಲ್ಕು ಚೆಂಡು ಸೇರಿ ಹನ್ನೆರಡು, ಐದನೆಯದಕ್ಕೆ ಆರು, ಕೊನೆಯ ಚೆಂಡೊಂದಕ್ಕೇ ಹದಿನಾಲ್ಕು, ಮುಕ್ತಾಯಕ್ಕೆ ಎರಡು. ಒಟ್ಟು 38. ಖಾಲಿ ಹೋದ ಚೆಂಡಿಗೆ ಎರಡೇ ಸಾಲು.

ಕ್ರಿಯಾಪದದಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡೆ. ಕಾಮೆಂಟರಿ ಅಂದರೆ ವರ್ತಮಾನ ಅಂದುಕೊಂಡು "ಓಡಿ ಬರುತ್ತಿದ್ದಾನೆ, ಎಸೆಯುತ್ತಿದ್ದಾನೆ" ಅಂತ ಬರೆದೆ. ಪದ ಮುಗಿಯುವಷ್ಟರಲ್ಲಿ ಚೆಂಡು ಕೀಪರ್ ಕೈ ಸೇರಿರುತ್ತದೆ! ನಾವು ಆಟ ನೋಡುತ್ತಾ ಬಾಯಲ್ಲಿ ಹೇಳುವುದೂ "ಬಂದ, ಎಸೆದ, ಹೊಡೆದ" ಅಂತಲೇ ಅಲ್ವಾ? ಆ ಪದಗಳೆಲ್ಲ ಮೂರು ಮಾತ್ರೆ. ಉತ್ಸಾಹ ರಗಳೆಗೆ ಅಳತೆ ಮಾಡಿ ಇಟ್ಟ ಹಾಗಿವೆ. ಬೌಲರ್ ಓಡಿ ಬರುವ ಭಾಗ ಹೀಗೆ ಬಂತು:

ಬಂದ ಬಂದ ಓಡಿ ಬಂದ
ಮುಂದೆ ಬಾಗಿ ಚೆಂಡು ತಂದ
ಕೈಯ ಬೀಸಿ ಚೆಂಡು ಎಸೆದ
ಪುಟ್ಟ ನಿಂತ, ಬ್ಯಾಟು ಎತ್ತಿ...

ಹುಡುಗನ ನಿಜವಾದ ಹೆಸರೂ ಮೂರೇ ಮಾತ್ರೆಯದು. ಇಲ್ಲಿ ಪುಟ್ಟ ಅಂತ ಹಾಕಿದ್ದೇನೆ.

ಆಟದ ಇಂಗ್ಲಿಷ್ ಪದಗಳು ತೊಡಕಾಗುತ್ತವೆ ಅಂತ ಹೆದರಿದ್ದೆ. ಎಣಿಸಿ ನೋಡಿದರೆ ಸಿಕ್ಸರ್, ಬೌಂಡರಿ, ಬೌಲರ್, ಓವರ್ ಎಲ್ಲವೂ ನಾಲ್ಕು ಮಾತ್ರೆ. ಮಂದಾನಿಲಕ್ಕೆ ನೇರವಾಗಿ ಕೂರುತ್ತವೆ. ವಿಕೆಟ್ ಮಾತ್ರ ಮೂರು. ರನ್ ಔಟ್ ಬಿಡಿಸಿ ಹೇಳಿದರೆ ನಾಲ್ಕು, ಹುಡುಗರ ಹಾಗೆ ರನೌಟ್ ಅಂದರೆ ಮೂರು. ಹಾಗಾಗಿ ಓಟಕ್ಕೆ ಉತ್ಸಾಹ, ಚೆಂಡು ಗಾಳಿಯಲ್ಲಿ ಇರುವಾಗ ಮಂದಾನಿಲ. ಬ್ಯಾಟಿಗೆ ಚೆಂಡು ತಾಗುವ ಜಾಗದಲ್ಲಿ ಧಾಟಿ ಬದಲಾಗುತ್ತದೆ. ಕೇಳುವವರಿಗೆ ರಗಳೆ ಗೊತ್ತಿರಬೇಕಿಲ್ಲ, ಮೈಗೆ ಗೊತ್ತಾಗುತ್ತದೆ.

ಇದನ್ನು ಒಂಬತ್ತನೇ ಕ್ಲಾಸಿನಲ್ಲಿ ಪರೀಕ್ಷೆ ಮಾಡಿದೆ. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರಲ್ಲ, ಆ ಹತ್ತನೇ ವಿಕೆಟ್ ಕೊಟ್ಟು ಬರೆಯಿರಿ ಅಂದೆ. ಕುಂಬ್ಳೆ ಮೂರೇ, ಆದರೆ ಅಕ್ರಂ ನಾಲ್ಕು, ಕ್ಯಾಚ್ ಹಿಡಿದ ಲಕ್ಷ್ಮಣ ನಾಲ್ಕು! ಒಬ್ಬಳು "ಅಕ್ರಂ ಬ್ಯಾಟಿಗೆ ಲಕ್ಷ್ಮಣ ಕೈಯಿಗೆ" ಅಂತ ಬರೆದು ತಂದಳು. ಹದಿನಾರು ಮಾತ್ರೆ, ಒಂದೂ ಹೆಚ್ಚಿಲ್ಲ. ಪ್ರಸ್ತಾರ ಹಾಕಲು ಮೂತಿ ತಿರುಗಿಸುತ್ತಿದ್ದ ಕ್ಲಾಸು ಅವತ್ತು ಬೆಲ್ ಹೊಡೆದರೂ ಏಳಲಿಲ್ಲ.

ಇನ್ನು "ಟಕ್" ಅನ್ನುವ ಸದ್ದು. ಬಾಯಲ್ಲಿ ಹೇಳಿಸಿದರೆ ನಾಟಕದ ಹಾಗೆ ಕೇಳುತ್ತದೆ. ನಿಜವಾದ ಬ್ಯಾಟಿಗೆ ಚೆಂಡು ತಟ್ಟಿಸಿ ಮೈಕ್ ಹಿಡಿದರೆ ಬರೀ ದುಬ್ ಅಂತ ಬಂತು. ತೆಂಗಿನ ಚಿಪ್ಪು ಕುದುರೆ ಓಡಿದ ಹಾಗೆ. ಫೋನಿನಿಂದ ಜನರ ಗದ್ದಲ ಹಾಕಿಸಲು ಹೋದೆ, ಒತ್ತಿದ ಮೇಲೆ ಅದು ಅರ್ಧ ಸೆಕೆಂಡು ತಡ. ಕೊನೆಗೆ ಸರಿಹೋದದ್ದು ಒಂದಡಿಯ ಮರದ ಸ್ಕೇಲು. ಅದನ್ನು ಯಾವ ಬೆಂಚಿಗೆ, ಎಲ್ಲಿ ಹೊಡೆಯಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಓದುವವರ ಆಯ್ಕೆಯಲ್ಲೂ ಮೊದಲು ಎಡವಿದೆ. ಭಾಷಣದಲ್ಲಿ ಬಹುಮಾನ ತಂದ ಹುಡುಗಿಗೆ ಕೊಟ್ಟೆ. ಉಚ್ಚಾರಣೆ ಮುತ್ತಿನ ಹಾಗೆ. ಆದರೆ ಪ್ರತಿ ಸಾಲಿನ ಕೊನೆಗೂ ನಿಲ್ಲುತ್ತಿದ್ದಳು. ಬೌಲರ್ ನಾಲ್ಕು ಸಲ ನಿಂತು ಓಡಿದ ಹಾಗಾಯಿತು. ಅವಳಿಗೆ ಆರಂಭದ ನಾಲ್ಕು ಸಾಲು ಉಳಿಸಿ, ಓವರ್ ಅನ್ನು ತಂಡದ ಹನ್ನೆರಡನೇ ಆಟಗಾರನಿಗೆ ಕೊಟ್ಟೆ. ಆಡಲು ಅವಕಾಶ ಸಿಗದೆ ಬೌಂಡರಿ ಆಚೆ ಕೂತು ಇಡೀ ಪಂದ್ಯಕ್ಕೆ ಕಾಮೆಂಟರಿ ಹೇಳಿದವನು ಅವನು. ಐಪಿಎಲ್‌ನ ಕನ್ನಡ ಕಾಮೆಂಟರಿ ಕೇಳಿ ಕೇಳಿ ಏರಿಳಿತ ಆಗಲೇ ನಾಲಿಗೆ ಮೇಲಿತ್ತು. ಓದು ಸ್ವಲ್ಪ ಕಷ್ಟ. ನಾಲ್ಕು ಸಂಜೆ ಕೂರಿಸಿ ಕಿವಿಯಿಂದಲೇ ಕಲಿಸಿದೆ. ಉಸಿರು ತಗೊಳ್ಳುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ. ಓಡಿ ಬರುವ ಮೂರು ಸಾಲು ಒಂದೇ ಉಸಿರು, "ಬ್ಯಾಟು ಎತ್ತಿ" ಆದ ಮೇಲೆ ಪೂರ್ತಿ ಉಸಿರು ಒಳಗೆ.

ಮೈಕ್ ತುಟಿಗೆ ತಾಗಿಸಿದರೆ "ಬಂದ ಬಂದ"ದ ಬಕಾರ ಡಬ್ ಡಬ್ ಅಂತ ಒಡೆಯುತ್ತದೆ. ಗಲ್ಲದ ಕೆಳಗೆ, ನಾಲ್ಕು ಬೆರಳು ದೂರ ಹಿಡಿಸಿದೆ. ಇನ್ನೊಂದು ತೊಂದರೆ ಎದುರಿನ ಕಟ್ಟಡ. ಅದರ ಗೋಡೆಗೆ ಬಡಿದು ವಾಪಸ್ ಬರುವ ದನಿ ಮುಂದಿನ ಅಕ್ಷರದ ಮೇಲೆ ಬೀಳುತ್ತಿತ್ತು. ನಿಧಾನದ ಓದಿಗೆ ಗೊತ್ತಾಗುವುದಿಲ್ಲ, ಈ ವೇಗಕ್ಕೆ ಎಲ್ಲ ಕಲಸಿ ಹೋಗುತ್ತದೆ. ಶಾಲೆಯದ್ದೇ ಹಳೇ ಸ್ಪೀಕರನ್ನು ಮೈದಾನದ ಕಡೆ ತಿರುಗಿಸಿ, ದನಿ ಕಮ್ಮಿ ಮಾಡಿದೆ. ದನಿ ಕಮ್ಮಿ ಆದಾಗ ಮಕ್ಕಳೂ ಸದ್ದು ನಿಲ್ಲಿಸಿದರು.

ಸೋಮವಾರ ಬಂತು. ಮೊದಲ ಐದು ಚೆಂಡಿಗೆ ಅಲ್ಲಲ್ಲಿ ಪಿಸುಮಾತು, ರನೌಟ್‌ಗೆ "ಅಯ್ಯೋ" ಅಂತ ಒಂದು ಸಾಲು. ಕೊನೆಯ ಚೆಂಡು. ಉಸಿರು. ಸ್ಕೇಲು ಬಿತ್ತು, ಟಕ್!

ಮೇಲಕೆ ಮೇಲಕೆ ತೆಂಗಿನ ಮೇಲಕೆ
ಸಾಲಲಿ ನಿಂತವರೆಲ್ಲರ ಮೇಲಕೆ

ಈ ಎರಡನೇ ಸಾಲಿಗೇ ಕತ್ತುಗಳು ಎದ್ದದ್ದು. ಬರೆಯುವಾಗ ಅದು ಸುಮ್ನೆ ಆದಿಪ್ರಾಸಕ್ಕೆ ಹುಡುಕಿದ ಸಾಲು. ಪ್ರಾರ್ಥನೆಯ ಸಾಲು, ಮೈದಾನದ ಸಾಲು ಎರಡೂ ಅದರಲ್ಲಿ ಒಂದಾಗಿಬಿಟ್ಟಿತ್ತು. ಹೆಡ್‌ಮೇಷ್ಟ್ರು ಕೂಡ ಮೇಲೆ ನೋಡಿದರು. ಪಿ.ಟಿ. ಮೇಷ್ಟ್ರು ಕಪ್ ಹಿಡಿದುಕೊಂಡೇ ನೋಡಿದರು.

ಓವರ್‌ನ ಕೊನೆಯ ಸಾಲಿನಲ್ಲಿ ಹನ್ನೆರಡೇ ಮಾತ್ರೆ ಬರೆದಿದ್ದೆ: "ಗೆರೆಯನು ದಾಟಿತು ದಾಟಿತು". ಉಳಿದ ನಾಲ್ಕು ಖಾಲಿ. ಹುಡುಗ ಅಲ್ಲಿ ಮೈಕ್ ಕೆಳಗಿಳಿಸಬೇಕು, ಬಾಯಿ ಮುಚ್ಚಬೇಕು. ಅಭ್ಯಾಸದಲ್ಲಿ ನಾಲ್ಕು ದಿನವೂ ತಡೆಯಲಾರದೆ ತಾನೇ ಕೂಗಿಬಿಡುತ್ತಿದ್ದ. ಅವತ್ತು ತಡೆದುಕೊಂಡ. ಆ ನಾಲ್ಕು ಮಾತ್ರೆಯನ್ನು ಮುನ್ನೂರೈವತ್ತು ಮಕ್ಕಳು ತುಂಬಿದರು. "ಸಿಕ್ಸರ್!" ಕಾಂಪೌಂಡ್ ಆಚೆ ಹಾಲಿನ ಗಾಡಿಯವನು ಬ್ರೇಕ್ ಹಾಕಿ ನಿಂತ. ಆಮೇಲಿನ ಎರಡು ಸಾಲು ಯಾರಿಗೂ ಕೇಳಿಸಲಿಲ್ಲ. ಮುಂದಿನ ಸಲ ಅವನ್ನು ಬರೆಯುವುದೇ ಇಲ್ಲ.

ನನ್ನ ವಾಚಿನಲ್ಲಿ ಎರಡು ನಿಮಿಷ ಐವತ್ತು ಸೆಕೆಂಡಿನ ಆಸುಪಾಸು. ಬೆಲ್ ಹೊಡೆಯಲಿಲ್ಲ. ಖರ್ಚು ಮೈಕಿನ ಸೆಲ್ಲಿಗೆ, ಕೆಂಪು ಪೆನ್ನಿಗೆ ಐವತ್ತು ರೂಪಾಯಿ, ಹುಡುಗನ ನಾಲ್ಕು ಸಂಜೆಯ ಬಜ್ಜಿಗೆ ನೂರಿಪ್ಪತ್ತು.

ಈಗ ಹುಡುಗಿಯರ ಕಬಡ್ಡಿ ತಂಡ ಹಿಂದೆ ಬಿದ್ದಿದೆ. ಗೆದ್ದರೆ ನಮಗೂ ಬೇಕು ಸಾರ್, ಅಂತ. ಕಬಡ್ಡಿ ಎಣಿಸಿದರೆ ನಾಲ್ಕೇ ಮಾತ್ರೆ, ಆದರೆ ಗುರು ನಡುವೆ ಬಂದು ಕೂತಿದೆ. ಸಾಲಿನಲ್ಲಿ ಎಲ್ಲಿಟ್ಟರೂ ಮಂದಾನಿಲದ ಓಟ ಮುಗ್ಗರಿಸುತ್ತದೆ. ರೈಡಿಗೆ ಹೋದವಳ ಉಸಿರೇ ಬೇರೆ, ಅದಕ್ಕೆ ಐದು ಮಾತ್ರೆಯ ಲಲಿತ ಹಿಡಿಯುತ್ತದಾ ಅಂತ ನೋಡುತ್ತಿದ್ದೇನೆ. ಎರಡು ಸಾಲು ಕೂತಿವೆ. ಮೂರನೆಯದು ಇನ್ನೂ ಗೆರೆಯ ಆ ಕಡೆಯೇ ಇದೆ.