ಬಸ್ ಕಿಟಕಿಯ ಸೂರ್ಯಾಸ್ತಕ್ಕೆ ಕ್ಯಾಪ್ಶನ್ ಬರೆಯುವುದು ಹೇಗೆ?

ತೊಕ್ಕೊಟ್ಟಿನಿಂದ ಮಂಗಳೂರಿಗೆ ಬರುವ ಬಸ್ಸು ನೇತ್ರಾವತಿ ಸೇತುವೆ ಹತ್ತಿದರೆ ಎಡಬದಿಯ ಸೀಟಿನವರೆಲ್ಲ ಒಮ್ಮೆ ಕಿಟಕಿಯತ್ತ ತಿರುಗುತ್ತಾರೆ. ಬಸ್ಸು ಉತ್ತರಕ್ಕೆ ಹೋಗುತ್ತಿರುತ್ತದೆ, ಹಾಗಾಗಿ ಎಡಗಡೆ ಪಶ್ಚಿಮ. ಕೆಳಗೆ ಅಗಲವಾದ ಹೊಳೆ, ದೂರದಲ್ಲಿ ತೆಂಗಿನ ಸಾಲು, ಅದರಾಚೆ ಸಮುದ್ರ. ದೇರಳಕಟ್ಟೆ ಕಡೆ ಕೆಲಸ ಮುಗಿಸಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಮನೆಗೆ ಬರುವವರ ಫೋನಿನಲ್ಲಿ ಇಲ್ಲಿಯ ಒಂದು ಸೂರ್ಯಾಸ್ತವಾದರೂ ಇದ್ದೇ ಇರುತ್ತದೆ. ಫೋಟೋ ಸಿಕ್ಕಿಬಿಡುತ್ತದೆ. ಕೈ ನಿಲ್ಲುವುದು ಅದರ ಕೆಳಗೆ ಏನು ಬರೆಯುವುದು ಎನ್ನುವಲ್ಲಿ.

ಜನವರಿ ನಡುವಿನ ಒಂದು ಸಂಜೆಯ ಫೋಟೋ ಎಂದುಕೊಳ್ಳಿ. ಸೇತುವೆ ಮೇಲೆ ಜಾಮ್, ಬಸ್ಸು ನಿಂತಿದೆ. ಸೂರ್ಯ ತೆಂಗಿನ ತಲೆಗಳಿಗಿಂತ ಸ್ವಲ್ಪ ಮೇಲಿದ್ದಾನೆ. ಇದಕ್ಕೆ ಹಂತ ಹಂತವಾಗಿ ಕ್ಯಾಪ್ಶನ್ ಬರೆಯೋಣ.

ಮೊದಲು, ಇಳಿಯುವ ಮುಂಚೆ ಎರಡು ಮಾತು ಗುರುತು ಹಾಕಿ

ಫೋಟೋ ತೆಗೆದ ಹೊತ್ತನ್ನು ಫೋನ್ ತಾನೇ ನೆನಪಿಟ್ಟುಕೊಳ್ಳುತ್ತದೆ. ಗ್ಯಾಲರಿಯಲ್ಲಿ ಫೋಟೋದ ವಿವರ ತೆರೆದರೆ ನಿಮಿಷ ಸಮೇತ ಸಿಗುತ್ತದೆ. ನಮ್ಮ ಫೋಟೋಕ್ಕೆ 6.18. ಫೋನಿಗೆ ಗೊತ್ತಿಲ್ಲದ್ದನ್ನು ನೀವು ಬರೆದಿಟ್ಟುಕೊಳ್ಳಬೇಕು. ಬಸ್ಸು ಓಡುತ್ತಿತ್ತೋ ನಿಂತಿತ್ತೋ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಆ ಹೊತ್ತಿಗೆ ಕಿವಿಗೆ ಬಿದ್ದದ್ದೇನು. ಬಸ್ಸು ಹೊರಡಲಿ ಅಂತ ಕಂಡಕ್ಟರ್ ತುಳುವಿನಲ್ಲಿ 'ರೈಟ್ ಪೋಯಿ' ಅಂದದ್ದು ಕೇಳಿತೇ, ಹಾಗೇ ಬರೆದುಕೊಳ್ಳಿ. ಮನೆಗೆ ಹೋಗಿ ಚಹಾ ಕುಡಿಯುವ ಹೊತ್ತಿಗೆ ಇದೆಲ್ಲ ಮರೆತು 'ಸುಂದರ ಸಂಜೆ' ಒಂದೇ ಉಳಿದಿರುತ್ತದೆ.

ಫೋಟೋವನ್ನು ಅಂಚಿನಿಂದ ಒಳಕ್ಕೆ ನೋಡಿ

ಸೂರ್ಯನ ಮೇಲೆ ಕಣ್ಣು ತಾನಾಗಿ ಹೋಗುತ್ತದೆ. ಅದಕ್ಕೇ ಅವನನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ನಾಲ್ಕು ಅಂಚು ನೋಡಿ. ನಮ್ಮ ಫೋಟೋದಲ್ಲಿ ಬಲಕ್ಕೆ ಕಿಟಕಿಯ ಚೌಕಟ್ಟು ಇದೆ. ಮೇಲೆ ಗಾಜಿನಲ್ಲಿ ಬಸ್ಸಿನೊಳಗಿನ ದೀಪದ ಹಳದಿ ಮಚ್ಚೆ ಇದೆ. ಚಿತ್ರದ ಉದ್ದಗಲಕ್ಕೆ ತಂತಿಬಲೆ ಇದೆ.

ಈ ಬಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೇತ್ರಾವತಿ ಸೇತುವೆಯ ಬದಿಗಳಿಗೆ 2020ರಲ್ಲಿ ಎತ್ತರದ ತಂತಿಬಲೆ ಹಾಕಿದರು. ಬಸ್ಸು ಜೋರಾಗಿ ಓಡುವಾಗ ತೆಗೆದ ಫೋಟೋದಲ್ಲಿ ಅದು ತೆಳ್ಳಗೆ ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಹತ್ತಿರದ ವಸ್ತು ಕ್ಯಾಮೆರಾದ ಮುಂದೆ ಬೇಗ ಸರಿದುಹೋಗುತ್ತದೆ, ದೂರದ ತೆಂಗು ಮತ್ತು ಸೂರ್ಯ ಅಲ್ಲಾಡುವುದೇ ಇಲ್ಲ. ಬಸ್ಸು ನಿಂತಿದ್ದರೆ ಬಲೆಯ ಒಂದೊಂದು ಕಣ್ಣೂ ಬಿಡಿಯಾಗಿ ಕಾಣುತ್ತದೆ. ಅಂದರೆ ಬಲೆ ಚೂಪಾಗಿ ಕಂಡರೆ ಬಸ್ಸು ನಿಂತಿತ್ತು ಅಂತ ಫೋಟೋವೇ ಹೇಳುತ್ತಿದೆ. ನಮ್ಮದರಲ್ಲಿ ಹಾಗೇ ಕಾಣುತ್ತಿದೆ. ಸೂರ್ಯ ಪೂರ್ತಿಯಾಗಿ ಒಂದೇ ಕಣ್ಣಿನೊಳಗೆ ಕೂತಿದ್ದಾನೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ, ಕೈ ಚಾಚಿ ಹಿಡಿದ ಕಿರುಬೆರಳಿನ ಉಗುರೂ ಅವನನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಅಷ್ಟು ಸಣ್ಣ ಕಿಂಡಿಯಲ್ಲೂ ಹಿಡಿಸುತ್ತಾನೆ. ಬೀಚಿನಲ್ಲಿ ನಿಂತು ತೆಗೆದ ಫೋಟೋದಲ್ಲಿ ಇದು ಸಿಗುವುದಿಲ್ಲ. ಕ್ಯಾಪ್ಶನ್ ಹುಟ್ಟಬೇಕಾದ್ದು ಇಲ್ಲಿಂದಲೇ.

ಗಾಜಿನಲ್ಲಿ ಪಕ್ಕದ ಪ್ರಯಾಣಿಕರ ಮುಖ ಮೂಡಿದೆಯೇ ಅಂತಲೂ ಈಗಲೇ ನೋಡಿಬಿಡಿ. ಮೂಡಿದ್ದರೆ ಅಷ್ಟು ಭಾಗ ಕತ್ತರಿಸಿ. ಅವರ ಬಗ್ಗೆ ಕ್ಯಾಪ್ಶನ್‌ನಲ್ಲಿ ಒಂದಕ್ಷರವೂ ಬೇಡ.

ಒಂದು ಉದ್ದ ವಾಕ್ಯ ಬರೆದು ಕಡಿಯಿರಿ

ಮೊದಲು ಮನಸ್ಸಿಗೆ ಬಂದ ಹಾಗೆ ಬರೆಯಿರಿ:

*ನಾನು ಇಂದು ಮನೆಗೆ ಬರುವಾಗ ಬಸ್ಸಿನ ಕಿಟಕಿಯಿಂದ ತೆಗೆದ, ಸಮುದ್ರದಲ್ಲಿ ಮುಳುಗುತ್ತಿರುವ ಕೆಂಪು ಸೂರ್ಯನ ಸುಂದರ ಫೋಟೋ.*

ಈಗ ಒಂದೊಂದೇ ಪದದ ಮೇಲೆ ಬೆರಳಿಡಿ. ಫೋಟೋ ಅನ್ನುವುದು ನೋಡಿದವರಿಗೆ ಗೊತ್ತು. ಕೆಂಪು ಕಾಣುತ್ತಿದೆ. ಸುಂದರವೋ ಅಲ್ಲವೋ ನೋಡುವವರು ಹೇಳಲಿ. ನಿಮ್ಮ ಪೇಜಿನಲ್ಲಿ ಹಾಕುವಾಗ 'ನಾನು' ಏಕೆ? ಇಷ್ಟು ತೆಗೆದರೆ ಉಳಿಯುವುದು ಮನೆಗೆ ಬರುವ ದಾರಿ, ಬಸ್ಸು, ಸಮುದ್ರ. ಸಮುದ್ರದ ಮಾತನ್ನು ಮಾತ್ರ ಒಮ್ಮೆ ಪರೀಕ್ಷಿಸಬೇಕು.

ಹೇಳಿದ್ದು ನಿಜವೇ ನೋಡಿ

ಸೇತುವೆಯ ಕೆಳಗಿರುವುದು ನೇತ್ರಾವತಿ ಹೊಳೆ. ಅದು ಮುಂದೆ ಹೋಗಿ, ಉತ್ತರದಿಂದ ಬರುವ ಗುರುಪುರ ಹೊಳೆಯ ಜೊತೆ ಸೇರಿ, ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ನಮ್ಮ ಫೋಟೋದಲ್ಲಿ ಸೂರ್ಯ ಇಳಿಯುತ್ತಿರುವುದು ತೆಂಗಿನ ಸಾಲಿನ ಹಿಂದಕ್ಕೆ. ಸಮುದ್ರದ ನೀರು ಕಾಣುವುದೇ ಇಲ್ಲ. ಊರಿನವರು ಇದನ್ನು ಕೂಡಲೇ ಹಿಡಿಯುತ್ತಾರೆ. ಹಾಗಾಗಿ 'ಸಮುದ್ರದಲ್ಲಿ ಮುಳುಗಿದ' ಬೇಡ.

ಹಳೆಯ ಫೋಟೋಕ್ಕೆ ಬರೆಯುವುದಾದರೆ ತಿಂಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ವಾಟ್ಸ್ಯಾಪ್‌ನಲ್ಲಿ ಸುತ್ತಿಬಂದ ಫೋಟೋದಲ್ಲಿ ತೆಗೆದ ದಿನದ ವಿವರ ಉಳಿದಿರುವುದಿಲ್ಲ. ಆಗ ಸೂರ್ಯ ಇರುವ ಜಾಗ ನೋಡಿ. ಡಿಸೆಂಬರ್, ಜನವರಿಯಲ್ಲಿ ಅವನು ಎಡಕ್ಕೆ, ಉಳ್ಳಾಲದ ಕಡೆಗೆ ಇಳಿಯುತ್ತಾನೆ. ಮೇ, ಜೂನ್‌ನಲ್ಲಿ ಬಲಕ್ಕೆ ಸರಿದಿರುತ್ತಾನೆ. ಹೊತ್ತೂ ಬದಲಾಗುತ್ತದೆ. ನವೆಂಬರ್ ನಡುವಿನಲ್ಲಿ ಮಂಗಳೂರಿನಲ್ಲಿ ಸೂರ್ಯ 6 ಗಂಟೆ ಸುಮಾರಿಗೇ ಮುಳುಗಿದರೆ, ಜುಲೈ ಮೊದಲಲ್ಲಿ 7ರ ಹತ್ತಿರ ಆಗುತ್ತದೆ. ಬಲಕ್ಕಿರುವ ಸೂರ್ಯನ ಕೆಳಗೆ 'ಡಿಸೆಂಬರ್ ಚಳಿಯ ಸಂಜೆ' ಅಂತ ಬರೆದರೆ ತಪ್ಪಾಗುತ್ತದೆ.

ಈಗ ಜೋಡಿಸಿ

ಜಾಗ ಮೊದಲು, ಹೊತ್ತು ಆಮೇಲೆ, ಕಣ್ಣಿಗೆ ಬಿದ್ದ ಆ ಒಂದು ವಿಷಯ ಕೊನೆಗೆ. ಫೀಡ್‌ನಲ್ಲಿ ಉದ್ದದ ಕ್ಯಾಪ್ಶನ್‌ನ ಆರಂಭದ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಅದಕ್ಕೇ ಜಾಗದ ಹೆಸರು ಮುಂದೆ ಇರಲಿ.

*ನೇತ್ರಾವತಿ ಸೇತುವೆ, ಸಂಜೆ 6.18. ಬಸ್ಸು ಜಾಮ್‌ನಲ್ಲಿ. ಬಲೆಯ ಒಂದೇ ಕಣ್ಣಿಗೆ ಸೂರ್ಯ ಪೂರ್ತಿ ಹಿಡಿಸಿದ.*

ಇದನ್ನು ಒಮ್ಮೆ ಬಾಯಿಬಿಟ್ಟು ಓದಿ. ಕೊನೆಯ ವಾಕ್ಯವನ್ನು 'ಸೂರ್ಯನು ಬಂಧಿಯಾಗಿದ್ದಾನೆ' ಅಂತ ಬದಲಿಸುವ ಆಸೆ ಬರುತ್ತದೆ. ಬೇಡ. ಕಂಡದ್ದನ್ನು ಕಂಡ ಹಾಗೆ ಹೇಳಿದಾಗ ನೋಡುವವರು ಫೋಟೋಕ್ಕೆ ಮರಳಿ ಹೋಗಿ ಆ ಕಣ್ಣನ್ನು ಹುಡುಕುತ್ತಾರೆ. ಬಂಧನದ ಮಾತು ಬಂದರೆ ಅವರ ಗಮನ ನಿಮ್ಮ ಮಾತಿನ ಮೇಲೆಯೇ ನಿಂತುಬಿಡುತ್ತದೆ.

ಯಾರಿಗೆ ಕಳಿಸುತ್ತೀರಿ ಅನ್ನುವುದರ ಮೇಲೆ ಇದು ಸ್ವಲ್ಪ ಬದಲಾಗಬಹುದು. ಬೆಂಗಳೂರಿನ ಗೆಳೆಯರಿಗಾದರೆ 'ಮಂಗಳೂರು' ಸೇರಿಸಬೇಕು. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ನಿಮ್ಮೂರಿನ ಅಣ್ಣನಿಗೆ ಅದು ಬೇಕಿಲ್ಲ. ಅವನಿಗೆ ಇಷ್ಟು ಸಾಕು:

*ತೊಕ್ಕೊಟ್ಟು ದಾಟಿ ಸೇತುವೆ ಮೇಲೆ ಜಾಮ್. ಸೂರ್ಯ ತೆಂಗಿನ ಹತ್ತಿರ ಬಂದ ಮೇಲೆ 'ರೈಟ್ ಪೋಯಿ'.*

ಮಳೆಗಾಲದಲ್ಲಿ

ಜೂನ್‌ನಿಂದ ಎಷ್ಟೋ ಸಂಜೆ ಸೂರ್ಯ ಕಾಣುವುದೇ ಇಲ್ಲ. ಕಿಟಕಿ ಮುಚ್ಚಿರುತ್ತದೆ, ಗಾಜಿನ ಮೇಲೆ ಹನಿ. ಫೋನ್ ಆ ಹನಿಗೇ ಫೋಕಸ್ ಮಾಡುತ್ತದೆ, ಹಿಂದಿನ ಹೊಳೆ ಬೂದಿ ಬಣ್ಣದ ಪಟ್ಟಿಯಾಗುತ್ತದೆ. ಅಂಥ ಫೋಟೋಕ್ಕೆ ಸೂರ್ಯಾಸ್ತದ ಮಾತು ಅಂಟಿಸಬೇಡಿ. ಒಂದು ಹನಿಯನ್ನು ದೊಡ್ಡದು ಮಾಡಿ ನೋಡಿ. ಹನಿ ಲೆನ್ಸಿನ ಕೆಲಸ ಮಾಡುವುದರಿಂದ ಅದರೊಳಗೆ ಹೊರಗಿನ ಚಿತ್ರ ತಲೆಕೆಳಗಾಗಿ ಇರುತ್ತದೆ, ಆಕಾಶ ಕೆಳಗೆ, ಹೊಳೆ ಮೇಲೆ. ಆ ದಿನದ ಕ್ಯಾಪ್ಶನ್ ಹೀಗಿರಬಹುದು:

*ನೇತ್ರಾವತಿ ಸೇತುವೆ, ಸಂಜೆ 6.50. ಸೂರ್ಯ ಕಾಣಲಿಲ್ಲ. ಗಾಜಿನ ಹನಿಯಲ್ಲಿ ಹೊಳೆ ಮೇಲಿದೆ, ಮೋಡ ಕೆಳಗಿದೆ.*