ಒಂದೇ ಸಾಲಿನ ಎರಡು ‘ವ’ಗಳು

ಬೆಂಗಳೂರಿನ ರಾಜಾಜಿನಗರದಲ್ಲಿರುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಅರ್ಜಿಗಳ ಜೊತೆ ಬರುವ ದಾಖಲೆಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಹಿಂದೆ ಅರ್ಜಿದಾರರು ಕಾಗದವನ್ನೇ ತಂದು ಮೇಜಿನ ಮೇಲಿಡುತ್ತಿದ್ದರು. ಈಗ ಹೆಚ್ಚಿನವರು ಸ್ಕ್ಯಾನ್ ಮಾಡಿದ ಪಿಡಿಎಫ್ ಕಳುಹಿಸುತ್ತಾರೆ. ಕಾಗದವಾಗಿದ್ದರೆ ಬೆಳಕಿಗೆ ಹಿಡಿದು, ಹಿಂಬದಿಯನ್ನು ಬೆರಳಿನಿಂದ ಸವರಿ, ಬ್ಲೇಡಿನಿಂದ ಕೆರೆದ ಗುರುತನ್ನು ಹುಡುಕಬಹುದು. ಪಿಡಿಎಫ್‌ನಲ್ಲಿ ನೋಡುವುದಕ್ಕೆ ಇರುವುದು ಪಿಕ್ಸೆಲ್‌ಗಳು ಮಾತ್ರ.

ಇಲ್ಲಿ ಹೇಳಹೊರಟಿರುವುದು ಒಬ್ಬ ಜಾಮೀನುದಾರರ ವೇತನ ಪ್ರಮಾಣಪತ್ರದ ವಿಷಯ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಅದನ್ನು ಕೊಟ್ಟಿತ್ತು. ಮುದ್ರಿತ ನಮೂನೆ, ನುಡಿ ಅಕ್ಷರಗಳಲ್ಲಿ ತುಂಬಿ ಲೇಸರ್ ಪ್ರಿಂಟರ್‌ನಲ್ಲಿ ತೆಗೆದದ್ದು, ಕೆಳಗೆ ಸಹಿ ಮತ್ತು ನೇರಳೆ ಬಣ್ಣದ ಮೊಹರು. ಒಟ್ಟು ವೇತನ 48,650 ಎಂದೂ ಅದರ ಕೆಳಗೆ ಅಕ್ಷರಗಳಲ್ಲಿ ‘ನಲವತ್ತೆಂಟು ಸಾವಿರದ ಆರುನೂರ ಐವತ್ತು ರೂಪಾಯಿ’ ಎಂದೂ ಇತ್ತು. ಅಂಕಿ ಅಕ್ಷರ ಎರಡೂ ಹೊಂದುತ್ತಿದ್ದವು, ಕಾಗುಣಿತ ಸರಿಯಾಗಿತ್ತು, ಅಕ್ಷರಶೈಲಿಯೂ ಒಂದೇ ಆಗಿತ್ತು. ಆದರೂ ಆ ಸಾಲಿನ ಮೇಲೆ ಕಣ್ಣು ಹಾಯಿಸಿದಾಗಲೆಲ್ಲ ಮೊದಲ ಪದ ಉಳಿದವುಗಳಿಗಿಂತ ಸ್ವಲ್ಪ ಮುಂದೆ ಬಂದು ನಿಂತಂತೆ ತೋರುತ್ತಿತ್ತು.

ಹಾಗೆ ತೋರಿದ್ದನ್ನೇ ನಂಬುವಂತಿರಲಿಲ್ಲ, ಏಕೆಂದರೆ ಅದಕ್ಕೆ ಒಂದು ವರ್ಷ ಹಿಂದೆ ನಾನು ಹೀಗೆಯೇ ಎಡವಿದ್ದೆ. ಬೇರೊಬ್ಬರ ಪ್ರಮಾಣಪತ್ರದಲ್ಲಿ ಹೆಸರು ಚೂಪಾಗಿಯೂ ವಿಳಾಸದ ಅರ್ಧ ಭಾಗ ಮಸುಕಾಗಿಯೂ ಕಂಡಿತೆಂದು ತಿದ್ದುಪಡಿಯ ಸಂದೇಹವಿದೆ ಎಂದು ಕಡತದಲ್ಲಿ ಬರೆದುಬಿಟ್ಟಿದ್ದೆ. ಮೂಲ ಕಾಗದ ಬಂದಾಗ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಕಾರಣ ಸ್ಕ್ಯಾನ್ ಮಾಡಿದ ಯಂತ್ರದಲ್ಲಿತ್ತು. ದೊಡ್ಡ ಕಚೇರಿಗಳ ಕಾಪಿಯರ್‌ಗಳಲ್ಲಿ ಕಡತದ ಗಾತ್ರ ಇಳಿಸುವ ಒಂದು ವಿಧಾನವಿದೆ. ಯಂತ್ರವೇ ಪುಟವನ್ನು ಪದರಗಳಾಗಿ ಬಿಡಿಸಿ, ಕಾಗದದ ಬಣ್ಣ, ಮೊಹರು, ಚಿತ್ರಗಳನ್ನು ಕಡಿಮೆ ರೆಸಲ್ಯೂಷನ್‌ನಲ್ಲಿಯೂ ಅಕ್ಷರವೆಂದು ತಾನು ಗುರುತಿಸಿದ್ದನ್ನು ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಬರೀ ಕಪ್ಪು-ಬಿಳುಪಾಗಿಯೂ ಉಳಿಸುತ್ತದೆ. ಮಸಿ ತಿಳಿಯಾಗಿರುವ ಪದವನ್ನು ಯಂತ್ರ ಅಕ್ಷರವೆಂದು ಗುರುತಿಸದೆ ಹೋದರೆ ಅದು ಹಿನ್ನೆಲೆಯ ಪದರದಲ್ಲಿಯೇ ಉಳಿದು ಮಸುಕಾಗುತ್ತದೆ. ಯಾರೂ ಮುಟ್ಟದ ಪುಟದಲ್ಲಿಯೂ ಒಂದು ಪದ ಚೂಪು, ಪಕ್ಕದ್ದು ಮಸುಕು. ಅಂದು ನಾನು ಆ ಅರ್ಜಿದಾರರ ಕ್ಷಮೆ ಕೇಳಬೇಕಾಯಿತು.

ಆದ್ದರಿಂದ ಈಗ ಅಕ್ಷರಗಳನ್ನು ನೋಡುವ ಮೊದಲು ಪಿಡಿಎಫ್‌ನ ಒಳಗೆ ಎಷ್ಟು ಚಿತ್ರಗಳಿವೆ ಎಂದು ನೋಡುತ್ತೇನೆ. ಇದಕ್ಕೆ ಪಾಪ್ಲರ್ ಎಂಬ ಉಚಿತ ತಂತ್ರಾಂಶದ ಜೊತೆ ಬರುವ ಆಜ್ಞೆ ಸಾಕು.

```
pdfimages -list jaminu.pdf
pdfimages -all jaminu.pdf puta
```

ಮೊದಲನೆಯದು ಪ್ರತಿ ಚಿತ್ರದ ಬಗೆ, ಅಳತೆ ಮತ್ತು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು ಸಾಲಾಗಿ ತೋರಿಸುತ್ತದೆ. ಎರಡನೆಯದು ಅವುಗಳನ್ನು ಇದ್ದ ಹಾಗೆಯೇ ಹೊರತೆಗೆಯುತ್ತದೆ. ಪದರಗಳಾಗಿ ಬಿಡಿಸಿದ ಪುಟವಾಗಿದ್ದರೆ ಒಂದೇ ಪುಟಕ್ಕೆ ಎರಡು ಮೂರು ಸಾಲುಗಳಿದ್ದು, ಅವುಗಳಲ್ಲಿ ಒಂದರ ಬಗೆ `stencil` ಅಥವಾ `mask` ಎಂದಿರುತ್ತದೆ. ಹಿಂದಿನ ವರ್ಷದ ಕಡತದಲ್ಲಿ ಇಂಚಿಗೆ 100 ಪಿಕ್ಸೆಲ್‌ನ ಹಿನ್ನೆಲೆಯೂ 300 ಪಿಕ್ಸೆಲ್‌ನ ಅಕ್ಷರ ಪದರವೂ ಬೇರೆಬೇರೆಯಾಗಿದ್ದವು. ಇದನ್ನು ಅಂದೇ ನೋಡಿದ್ದರೆ ಆ ಪೇಚು ತಪ್ಪುತ್ತಿತ್ತು. ಜಾಮೀನುದಾರರ ಕಡತದಲ್ಲಿ ಇದ್ದದ್ದು ಒಂದೇ ಸಾಲು: 1654×2339 ಪಿಕ್ಸೆಲ್‌ನ ಒಂದು ಜೆಪೆಗ್ ಚಿತ್ರ, ಅಂದರೆ ಎ4 ಪುಟವನ್ನು ಇಂಚಿಗೆ 200ರಂತೆ ಸ್ಕ್ಯಾನ್ ಮಾಡಿದ ಅಳತೆ.

ಇಷ್ಟರಿಂದ ಪದರದ ವಿವರಣೆ ಪೂರ್ತಿ ಬಿದ್ದುಹೋಗುವುದಿಲ್ಲ, ಏಕೆಂದರೆ ಪದರಗಳ ಪುಟವನ್ನು ಯಾರಾದರೂ ಆಮೇಲೆ ಒಂದೇ ಚಿತ್ರವಾಗಿ ಉಳಿಸಿರಬಹುದು. ಆದರೆ ಹಾಗೆ ಉಳಿಸಿದ್ದರೆ ಪುಟದ ಬಹುಪಾಲು ಅಕ್ಷರಗಳು ಚೂಪಾಗಿದ್ದು ಅಲ್ಲೊಂದು ಇಲ್ಲೊಂದು ಮಸುಕಾಗಿರಬೇಕು. ಇಲ್ಲಿ ತಿರುವುಮುರುವು: ಇಡೀ ಪುಟ ಸಮನಾಗಿ ಮೃದುವಾಗಿದ್ದು, ಚೂಪಾಗಿದ್ದವು ಎರಡೇ ಜಾಗಗಳು. ಅಕ್ಷರಗಳ ಸಾಲಿನ ‘ನಲವತ್ತೆಂಟು’ ಮತ್ತು ಅಂಕಿಯ ಸಾಲಿನ ‘48’. ಅದರ ಪಕ್ಕದ ‘650’ ಉಳಿದ ಪುಟದಂತೆಯೇ ಇತ್ತು. ಯಂತ್ರಕ್ಕೆ ಮಸಿಯ ಗಾಢತೆ ಗೊತ್ತಾಗುತ್ತದೆಯೇ ಹೊರತು ಮೊತ್ತದ ಸಾವಿರದ ಸ್ಥಾನ ಯಾವುದೆಂದು ಗೊತ್ತಾಗುವುದಿಲ್ಲ.

ಕಾಗದದ ಮೇಲಿರುವ ಎಲ್ಲ ಅಕ್ಷರಗಳೂ ಒಂದೇ ಸ್ಕ್ಯಾನರ್‌ನ ಕಣ್ಣಿನ ಮೂಲಕ ಬರುತ್ತವೆ. ಗುಮಾಸ್ತರು ಬಿಳಿ ದ್ರವ ಹಚ್ಚಿ ಕಾಗದದ ಮೇಲೆಯೇ ತಿದ್ದಿದ್ದರೂ ಆ ತಿದ್ದುಪಡಿ ಸ್ಕ್ಯಾನ್‌ನಲ್ಲಿ ಅಷ್ಟೇ ಮೃದುವಾಗುತ್ತದೆ. ಸ್ಕ್ಯಾನ್ ಆದಮೇಲೆ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಅಂಟಿಸಿದ ಪದ ಮಾತ್ರ ಆ ಕಣ್ಣನ್ನು ಹಾದು ಬಂದಿರುವುದಿಲ್ಲ. ಇದನ್ನು ತೋರಿಸಿಕೊಡಲು ಒಂದೇ ಅಕ್ಷರವನ್ನು ಎರಡು ಕಡೆ ಹೋಲಿಸಬೇಕು, ಮತ್ತು ನಮ್ಮ ಲಿಪಿಯ ಸಂಖ್ಯಾವಾಚಕಗಳು ಆ ಅನುಕೂಲವನ್ನು ತಾವಾಗಿಯೇ ಒದಗಿಸಿಕೊಟ್ಟವು. ‘ನಲವತ್ತೆಂಟು’ ಪದದಲ್ಲೊಂದು ‘ವ’ ಇದೆ, ಅದೇ ಸಾಲಿನ ‘ಐವತ್ತು’ ಪದದಲ್ಲೂ ಒಂದು ‘ವ’ ಇದೆ. ಒಂದೇ ಶೈಲಿ, ಒಂದೇ ಗಾತ್ರ, ಒಂದೇ ಪ್ರಿಂಟರ್, ಒಂದೇ ಸ್ಕ್ಯಾನ್ ಎಂದು ದಾಖಲೆಯೇ ಹೇಳಿಕೊಳ್ಳುವ ಎರಡು ಅಕ್ಷರಗಳು.

ಹೊರತೆಗೆದ ಚಿತ್ರವನ್ನು ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ತೆರೆದು 800 ಪ್ರತಿಶತಕ್ಕೆ ಹಿಗ್ಗಿಸಿದೆ. ಪಿಡಿಎಫ್ ತೋರಿಸುವ ತಂತ್ರಾಂಶದಲ್ಲಿಯೇ ಹಿಗ್ಗಿಸಿ ನೋಡಬಾರದು, ಅದು ತಾನೇ ಅಂಚುಗಳನ್ನು ನಯಗೊಳಿಸಿ ಎರಡು ‘ವ’ಗಳ ವ್ಯತ್ಯಾಸವನ್ನು ಅರ್ಧಕ್ಕರ್ಧ ಮುಚ್ಚಿಬಿಡುತ್ತದೆ. ‘ಐವತ್ತು’ವಿನ ‘ವ’ದಲ್ಲಿ ಕಾಗದದ ಬಿಳುಪಿನಿಂದ ಮಸಿಯ ಕಪ್ಪಿಗೆ ಇಳಿಯಲು ಮೂರು ನಾಲ್ಕು ಪಿಕ್ಸೆಲ್ ಬೇಕಾಗುತ್ತಿತ್ತು, ತಲೆಕಟ್ಟಿನ ತೆಳು ತುದಿ ಬೂದಾಗಿ ಕಾಗದದಲ್ಲಿ ಕರಗಿಹೋಗಿತ್ತು. ‘ನಲವತ್ತೆಂಟು’ವಿನ ‘ವ’ದಲ್ಲಿ ಬಿಳುಪಿಗೂ ಕಪ್ಪಿಗೂ ನಡುವೆ ಇದ್ದದ್ದು ಒಂದೇ ಬೂದು ಪಿಕ್ಸೆಲ್, ತಲೆಕಟ್ಟಿನ ತುದಿ ಕೊನೆಯವರೆಗೂ ಸ್ಫುಟವಾಗಿತ್ತು.

ಅಕ್ಷರಕ್ಕಿಂತ ಅದರ ಹಿಂದಿನ ಕಾಗದ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಹಳೆಯ ಪದವನ್ನು ಮುಚ್ಚದೆ ಹೊಸದನ್ನು ಅಂಟಿಸಲಾಗದು, ಮುಚ್ಚಲು ಬಳಸಿದ ಬಿಳುಪಿಗೆ ಕಾಗದದ ಒರಟು ಇರುವುದಿಲ್ಲ. ಕಣ್ಣಿಗೆ ಎರಡೂ ಬಿಳಿಯೇ. ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳಲ್ಲಿ ಬಿಳುಪಿನ ತುದಿಯ ಸ್ವಲ್ಪ ಭಾಗವನ್ನು ಮಾತ್ರ ಹಿಗ್ಗಿಸಿ ನೋಡಿದರೆ ಬಣ್ಣ ಒಡೆಯುತ್ತದೆ. ಅಕ್ಷರಗಳ ನಡುವಿನ ಖಾಲಿ ಜಾಗದಿಂದ ಒಂದು ಚಿಕ್ಕ ಚೌಕವನ್ನು ಕತ್ತರಿಸಿ ಅಳೆದರೆ ಅಂಕಿಯೂ ಸಿಗುತ್ತದೆ. ಎರಡಕ್ಕೂ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದ ಆಜ್ಞೆ ಸಾಕು.

```
magick puta-000.jpg -level 88%,100% belaku.png
magick puta-000.jpg -colorspace Gray -crop 16x16+730+1190 +repage \
  -format "%[fx:mean*255] %[fx:standard_deviation*255]\n" info:
```

ಮೊದಲ ಆಜ್ಞೆಯ ಚಿತ್ರದಲ್ಲಿ ಪುಟವೆಲ್ಲ ಮರಳು ಚೆಲ್ಲಿದಂತಿತ್ತು. ಆ ಮರಳಿನ ನಡುವೆ ‘ನಲವತ್ತೆಂಟು’ ಮತ್ತು ‘48’ರ ಸುತ್ತ ಸುಣ್ಣ ಬಳಿದಂತಹ ಎರಡು ಆಯತಗಳು ಎದ್ದು ಕಂಡವು. ಎರಡನೆಯ ಆಜ್ಞೆಯ ಅಳತೆಯಲ್ಲಿ, ಕಪ್ಪಿಗೆ 0 ಪೂರ್ತಿ ಬಿಳುಪಿಗೆ 255 ಎಂಬ ಲೆಕ್ಕದಂತೆ, ಸಾಮಾನ್ಯ ಕಾಗದದ ಬಿಳುಪು ಸರಾಸರಿ 241, ಅದರ ಏರಿಳಿತ 4ರ ಹತ್ತಿರ. ಆಯತದ ಒಳಗೆ ಸರಾಸರಿ 247, ಏರಿಳಿತ 1ಕ್ಕಿಂತ ಕಡಿಮೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಬ್ಲಾಕ್‌ಗಳಾಗಿ ತುಂಡರಿಸಿ ಉಳಿಸುತ್ತದೆ. ಒಂದು ಬ್ಲಾಕ್ ಪೂರ್ತಿಯಾಗಿ ಬಳಿದ ಬಿಳುಪಿನಲ್ಲಿದ್ದರೆ ಅದರ 64 ಪಿಕ್ಸೆಲ್‌ಗಳೂ ಒಂದೇ ಬೆಲೆಗೆ ಬರುತ್ತವೆ. ಆಯತದೊಳಗಿನ ಖಾಲಿ ಬ್ಲಾಕ್‌ಗಳು ಹಾಗೆಯೇ ಇದ್ದವು, ಹೊರಗೆ ಅಂತಹ ಒಂದೂ ಇರಲಿಲ್ಲ. ಚೂಪು ಅಕ್ಷರವಿದ್ದ ಬ್ಲಾಕ್‌ಗಳಲ್ಲಿ ಮಾತ್ರ ಅಕ್ಷರದ ಸುತ್ತ ನೀರಿನ ಅಲೆಯಂತಹ ಕಲೆಗಳು ಹೆಚ್ಚಾಗಿದ್ದವು, ಹಠಾತ್ ಅಂಚನ್ನು ಜೆಪೆಗ್ ಹಿಡಿದಿಡಲು ಹೋದಾಗ ಆಗುವುದೇ ಅದು.

ಈ ಪರೀಕ್ಷೆ ಎಲ್ಲ ಕಡತಗಳಲ್ಲೂ ನಡೆಯದು. ಜೆಪೆಗ್ ಗುಣಮಟ್ಟವನ್ನು ಬಹಳ ಇಳಿಸಿದ್ದರೆ ನಿಜವಾದ ಕಾಗದದ ಒರಟೂ ಅಳಿಸಿಹೋಗಿ ಪುಟದ ತುಂಬ ಚಪ್ಪಟೆ ಬ್ಲಾಕ್‌ಗಳೇ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದೂ ಕುಗ್ಗಿರುತ್ತದೆ, ಆದ್ದರಿಂದ ಕಡತವನ್ನು ಇಮೇಲ್‌ನಲ್ಲಿಯೇ ಕಳುಹಿಸಿ ಎನ್ನುತ್ತೇನೆ. ಅಂಟಿಸಿದ ಪುಟವನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದ್ದರಂತೂ ಎಲ್ಲ ಅಕ್ಷರಗಳೂ ಒಂದೇ ಕಣ್ಣನ್ನು ಹಾದುಬಿಡುತ್ತವೆ, ಆಗ ಇಲ್ಲಿ ಹೇಳಿದ ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ. ಸಾಲಿನ ಓರೆಯನ್ನೂ ನಾನು ನೋಡಿದೆ. ಪುಟ ಸ್ವಲ್ಪ ವಾಲಿ ಸ್ಕ್ಯಾನ್ ಆಗಿತ್ತು, 1400 ಪಿಕ್ಸೆಲ್ ಉದ್ದದ ಗೆರೆ ಕೊನೆಗೆ 11 ಪಿಕ್ಸೆಲ್ ಕೆಳಗಿಳಿದಿತ್ತು. ಅಂಟಿಸಿದ ಪದ ಸಪಾಟಾಗಿರಬೇಕು ನಿಜ, ಆದರೆ 150 ಪಿಕ್ಸೆಲ್ ಅಗಲದ ಒಂದು ಪದದಲ್ಲಿ ಆ ಓರೆ ಒಂದು ಪಿಕ್ಸೆಲ್‌ನಷ್ಟೇ ಆಗುವುದರಿಂದ ಅದನ್ನು ಸಾಕ್ಷ್ಯವೆಂದು ಎಣಿಸಲಿಲ್ಲ.

ಮೂರನೆಯದೊಂದು ಪದವೂ ನನ್ನನ್ನು ಕಾಡಿತ್ತು. ಮೊಹರಿನ ಕೆಳಗಿದ್ದ ‘ಖಾಯಂ’ ಎಂಬ ಪದ, ಅಂದರೆ ನೌಕರಿಯ ಸ್ವರೂಪ. ಅದು ಉಳಿದ ಪುಟಕ್ಕಿಂತಲೂ ಹೆಚ್ಚು ಮಸುಕಾಗಿತ್ತು. ನೌಕರಿ ಖಾಯಮ್ಮೋ ತಾತ್ಕಾಲಿಕವೋ ಎಂಬುದು ಜಾಮೀನಿಗೆ ಮುಖ್ಯವಾದದ್ದರಿಂದ ಸಂದೇಹಕ್ಕೆ ಒಳ್ಳೆಯ ಕಾರಣವೂ ಸಿಕ್ಕಂತಿತ್ತು. ಆದರೆ ಬೆಳಕಿನ ಚಿತ್ರದಲ್ಲಿ ಅದರ ಸುತ್ತ ಆಯತವಿರಲಿಲ್ಲ, ಕಾಗದದ ಮರಳು ಅಕ್ಷರಗಳ ಬುಡದವರೆಗೂ ಹಾಗೆಯೇ ಇತ್ತು. ಜೆಪೆಗ್ ಸಾಮಾನ್ಯವಾಗಿ ಕಪ್ಪು-ಬಿಳುಪಿನ ವಿವರವನ್ನು ಪೂರ್ತಿಯಾಗಿಯೂ ಬಣ್ಣದ ವಿವರವನ್ನು ಉದ್ದ ಅಗಲಗಳಲ್ಲಿ ಅರ್ಧಕ್ಕೆ ಇಳಿಸಿಯೂ ಉಳಿಸುತ್ತದೆ. ಕಪ್ಪು ಅಕ್ಷರದ ಮೇಲೆ ನೇರಳೆ ಮೊಹರು ಬಿದ್ದಲ್ಲಿ ಆ ಬಣ್ಣ ಅಕ್ಕಪಕ್ಕಕ್ಕೆ ಸೋರಿ ಪದ ಮಬ್ಬಾಗುತ್ತದೆ. ಅದೇ ಮೊಹರಿನ ಕೆಳಗೆ ಬಿದ್ದಿದ್ದ ದಿನಾಂಕದ ಕೊನೆಯ ಎರಡು ಅಂಕಿಗಳೂ ಅಷ್ಟೇ ಮಬ್ಬಾಗಿದ್ದವು, ಮೊಹರಿನ ಹೊರಗಿದ್ದ ಅಂಕಿಗಳು ಆಗಿರಲಿಲ್ಲ. ‘ಖಾಯಂ’ ಪದವನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಕಾರ್ಯದರ್ಶಿಗಳಿಗೆ ಎರಡು ‘ವ’ಗಳನ್ನು ಅಕ್ಕಪಕ್ಕ ಹಿಗ್ಗಿಸಿ ಮುದ್ರಿಸಿ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, “ಇದು ಮಾಡಿದ್ದು ಯಾರು ಅಂತ ಹೇಳಕ್ಕಾಗತ್ತಾ ಸಾರ್?” ಎಂದು ಕೇಳಿದರು. ಅದನ್ನು ಪಿಕ್ಸೆಲ್‌ಗಳಿಂದ ಹೇಳಲಾಗದು. ಹಳೆಯ ಪದ ಏನಿತ್ತೆಂಬುದನ್ನೂ ಹೇಳಲಾಗದು, ಬಳಿದ ಬಿಳುಪಿನ ಕೆಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ವರದಿಯಲ್ಲಿ ಎರಡು ಜಾಗಗಳನ್ನು ಗುರುತಿಸಿ, ಅವು ಪುಟದ ಉಳಿದ ಭಾಗದ ಜೊತೆ ಸ್ಕ್ಯಾನ್ ಆದವುಗಳಲ್ಲ ಎಂದಷ್ಟೇ ಬರೆದು, ಮೂಲ ಪ್ರತಿಯನ್ನು ನೋಡಬೇಕೆಂದು ಸೂಚಿಸಿದೆ.

ಜಾಮೀನುದಾರರ ಒಪ್ಪಿಗೆ ಪಡೆದು ನಾನೇ ಪೀಣ್ಯಕ್ಕೆ ಹೋದೆ. ಕಾರ್ಖಾನೆಯ ಕಡತದಲ್ಲಿದ್ದ ಕಚೇರಿ ಪ್ರತಿಯಲ್ಲಿ 28,650 ಎಂದೂ ‘ಇಪ್ಪತ್ತೆಂಟು ಸಾವಿರದ ಆರುನೂರ ಐವತ್ತು ರೂಪಾಯಿ’ ಎಂದೂ ಇತ್ತು. ಅದರ ಮೇಲೂ ಮೊಹರು ‘ಖಾಯಂ’ ಪದದ ಮೇಲೆಯೇ ಬಿದ್ದಿತ್ತು, ಕಾಗದದಲ್ಲಿ ಅದು ಯಾವ ಮಬ್ಬೂ ಇಲ್ಲದೆ ಓದಲು ಬರುತ್ತಿತ್ತು.